ಎನ್‌ಸಿಪಿ ಕಾಲಂನಲ್ಲಿ ಸೊನ್ನೆಗಳಿದ್ದರೆ ಇದನ್ನು ಓದಿ

ನಿಮ್ಮ ಕಾರ್ಖಾನೆಯ ಪಿಎಫ್ ಕೆಲಸ ನೋಡುವವರು ತಿಂಗಳಿಗೊಮ್ಮೆ ಕಳಿಸುವ ಇಸಿಆರ್ ಹಾಳೆಯಲ್ಲಿ ಎನ್‌ಸಿಪಿ ದಿನ ಎಂಬ ಕಾಲಂ ಇರುತ್ತದೆ. ಪಗಾರವಿಲ್ಲದೆ ಗೈರಾದ ದಿನಗಳನ್ನು ಅಲ್ಲಿ ತುಂಬಬೇಕು. ಈಗಲೇ ತೆಗೆದು ನೋಡಿ. ದಿನಗೂಲಿ ಲೆಕ್ಕದ ಇಪ್ಪತ್ತು ಜನರಿದ್ದೂ ಎಲ್ಲರ ಮುಂದೆ ಸೊನ್ನೆ ಇದ್ದರೆ, ತಿಂಗಳು ತಿಂಗಳೂ ಸೊನ್ನೆಯೇ ಇದ್ದರೆ, ನಿಮಗೂ ನನಗಾದದ್ದೇ ಆಗುತ್ತಿದೆ. ಮದುವೆ, ಜಾತ್ರೆ, ಕಟಾವು ಇರುವ ನಮ್ಮ ಊರುಗಳಲ್ಲಿ ಯಾರೂ ಒಂದು ದಿನವೂ ತಪ್ಪಿಸಲಿಲ್ಲ ಎಂದರೆ ನಂಬುವ ಮಾತೇ? ನಾನು ನಂಬಿದೆ. ಒಂದು ವರ್ಷ ಕಣ್ಣಾರೆ ನೋಡಿ ಸಹಿ ಹಾಕಿದೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಲೇತ್ ಘಟಕ. 22 ಜನ ಕೆಲಸಗಾರರು. ಎರಕದ ಬಿಡಿಭಾಗಗಳನ್ನು ಹೊರಗಿನ ಕಂಪನಿಯವರಿಗೆ ಗಂಟೆಯ ದರದಲ್ಲಿ ಕೊರೆದು ಕೊಡುತ್ತೇವೆ. ಗಂಟೆಯ ದರ ಎಂದ ಮೇಲೆ ಒಬ್ಬ ಕೆಲಸಗಾರನಿಗೆ ಗಂಟೆಗೆ ನಿಜವಾಗಿ ಎಷ್ಟು ಖರ್ಚು ಎಂಬುದೇ ನಮ್ಮ ಜೀವಾಳ. ಆ ಲೆಕ್ಕವನ್ನು ನಾನು ಪಿಎಫ್, ಇಎಸ್‌ಐ ನೋಡಿಕೊಳ್ಳುವ ಸಲಹೆಗಾರನೊಬ್ಬನಿಗೆ ಒಪ್ಪಿಸಿದ್ದೆ. ಹೆಸರು ಹೇಳುವುದಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಮಾತು ಮುಗಿಸಿದ ವ್ಯವಹಾರ ಅದು, ಕಾಗದದ ಮೇಲೆ ಏನೂ ಇರಲಿಲ್ಲ. ಅದೂ ನನ್ನದೇ ತಪ್ಪು.

ಮೊದಲ ಸೂಚನೆ ಸಿಕ್ಕಿದ್ದು 2024ರ ಜನವರಿಯಲ್ಲಿ, ಒಬ್ಬ ಹುಡುಗನಿಂದ. ದಿನಕ್ಕೆ 560 ರೂಪಾಯಿಯ ಕೆಲಸಗಾರ. ತಂಗಿಯ ಮದುವೆಗೆಂದು ಡಿಸೆಂಬರ್ 11, 12, 13 ಮೂರು ದಿನ ಬಂದಿರಲಿಲ್ಲ. ಪಗಾರದ ಚೀಟಿ ಹಿಡಿದುಕೊಂಡು ಬಂದು ಕೇಳಿದ: "ಅಣ್ಣಾ, ಮೂರು ದಿನದ ಕೂಲಿ ಕಡಿತವಾಗಿದೆ, ಅದು ಸರಿ. ಪಿಎಫ್ ಮಾತ್ರ ಪೂರ್ತಿ ತಿಂಗಳದ್ದು ಹಿಡಿದಿದ್ದೀರಲ್ಲ?" ಅವನ ಪಾಲಿನ ಶೇ. 12ರಲ್ಲಿ 202 ರೂಪಾಯಿ ಹೆಚ್ಚು ಹೋಗಿತ್ತು.

ಸಲಹೆಗಾರನಿಗೆ ಫೋನ್ ಮಾಡಿದೆ. ಉತ್ತರ: "ಪಿಎಫ್ ಜಾಸ್ತಿ ಹೋದರೆ ಅವನಿಗೇ ಒಳ್ಳೆಯದಲ್ಲವೇ ಸರ್? ಎಲ್ಲಿ ಹೋಗುತ್ತದೆ, ಅವನ ಖಾತೆಯಲ್ಲೇ ಇರುತ್ತದೆ." ನಾನೂ ಅದನ್ನೇ ಆ ಹುಡುಗನಿಗೆ ಹೇಳಿದೆ. ಅದನ್ನೇ, ಅದೇ ಧಾಟಿಯಲ್ಲಿ, ಬುದ್ಧಿ ಹೇಳುವವನ ಹಾಗೆ. ಅವನು ಚೀಟಿ ಮಡಚಿಕೊಂಡು ಹೋದ. ಈಗ ನೆನೆದರೆ ನಾಚಿಕೆಯಾಗುತ್ತದೆ. 202 ರೂಪಾಯಿಯ ಹಿಂದೆ ಏನಿದೆ ಎಂದು ಆ ದಿನವೇ ಬಗೆದು ನೋಡಬೇಕಿತ್ತು.

ಬಗೆದು ನೋಡಿದ್ದು ಆಗಸ್ಟ್‌ನಲ್ಲಿ. ನಮ್ಮ ಹಿರಿಯ ಟರ್ನರ್‌ಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ರಜೆಯ ದಿನಗಳಿಗೆ ಇಎಸ್‌ಐಯಿಂದ ಕೂಲಿಯ ಶೇ. 70 ಬರಬೇಕು. ಬರಲಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇದ್ದರೆ ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗೆ ಆ ಸೌಲಭ್ಯ. ಅವರ ಲೆಕ್ಕದಲ್ಲಿ ಒಂದು ದಿನವೂ ಇರಲಿಲ್ಲ. ಅಕ್ಟೋಬರ್‌ನಿಂದ ಅವರ ಹೆಸರೇ ಇರಲಿಲ್ಲ.

"21 ಸಾವಿರ ದಾಟಿತಲ್ಲ ಸರ್, ದಾಟಿದವರಿಗೆ ಇಎಸ್‌ಐ ಇಲ್ಲ" ಎಂದ ಸಲಹೆಗಾರ, ನನಗೆ ಪಾಠ ಹೇಳುವ ದನಿಯಲ್ಲಿ. ದಾಟಿದ್ದು ಹೇಗೆ? ಅವರ ದಿನಗೂಲಿ 700, 26 ದಿನಕ್ಕೆ 18,200. ಅದಕ್ಕೆ 36 ಗಂಟೆ ಓಟಿ, ಗಂಟೆಗೆ 175ರಂತೆ 6,300 ಸೇರಿ 24,500 ಆಯಿತು. ಆದರೆ 21 ಸಾವಿರದ ಮಿತಿ ನೋಡುವಾಗ ಓಟಿಯನ್ನು ಸೇರಿಸಬಾರದು. ಆಗಿನ ನಿಯಮದಂತೆ ಮಿತಿಗೆ ಓಟಿ ಇರಲಿಲ್ಲ, ವಂತಿಗೆಗೆ ಓಟಿ ಇತ್ತು. ಅಂದರೆ ಅವರು ಇಎಸ್‌ಐ ಒಳಗೇ ಇರಬೇಕಿತ್ತು, ವಂತಿಗೆ ಪೂರ್ತಿ 24,500ರ ಮೇಲೆ ಹೋಗಬೇಕಿತ್ತು. ಈ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡುವವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದನೇ? ಯಾವುದು ಹೆಚ್ಚು ಕೆಟ್ಟದ್ದೋ ಇವತ್ತಿಗೂ ಬಗೆಹರಿದಿಲ್ಲ.

ಆ ರಾತ್ರಿ ಮೂಲ ಎಕ್ಸೆಲ್ ಕಡತವನ್ನೇ ಕಳಿಸು ಎಂದು ಪಟ್ಟು ಹಿಡಿದೆ. ಅಲ್ಲಿಯವರೆಗೆ ಬರುತ್ತಿದ್ದದ್ದು ಪಿಡಿಎಫ್. ಪಿಡಿಎಫ್‌ನಲ್ಲಿ ಮೊತ್ತ ಕಾಣುತ್ತದೆ, ಮೊತ್ತ ಬಂದ ದಾರಿ ಕಾಣುವುದಿಲ್ಲ. ಓಟಿ ಕಾಲಂ ಮೇಲೆ ಒತ್ತಿದೆ:

```
=MAX(0, AF9-208)
```

ಇಷ್ಟೇ. ತಿಂಗಳ ಒಟ್ಟು ಗಂಟೆಯಲ್ಲಿ 208 ಕಳೆ, ಉಳಿದದ್ದು ಓಟಿ. 26 ದಿನ, ದಿನಕ್ಕೆ 8 ಗಂಟೆ, 208. ಮಸ್ಟರ್ ಪುಸ್ತಕದ ದಿನದಿನದ ಹಾಜರಿಯನ್ನು ಅವನು ನೋಡುತ್ತಲೇ ಇರಲಿಲ್ಲ. ನಮ್ಮ ಸೂಪರ್‌ವೈಸರ್ ಪುಟದ ಕೊನೆಯಲ್ಲಿ ಬರೆಯುವ ಒಟ್ಟು ಗಂಟೆಯೊಂದನ್ನೇ ಎತ್ತಿಕೊಳ್ಳುತ್ತಿದ್ದ. ಗೈರಾದ ದಿನವನ್ನು ಓಟಿ ನುಂಗುತ್ತಿತ್ತು. ಎನ್‌ಸಿಪಿ ಕಾಲಂ ಸೊನ್ನೆಯಾಗಿದ್ದು ಅದಕ್ಕೇ.

ಆ ಮದುವೆ ಮನೆಯ ಹುಡುಗನ ಡಿಸೆಂಬರ್ ಪುಟವನ್ನೇ ತೆಗೆದುಕೊಳ್ಳಿ. ಹಾಜರಿ 23 ದಿನ. ಮೂರು ಪೂರ್ತಿ ವಾರಗಳಲ್ಲಿ ದಿನಕ್ಕೆ ಎರಡು ಗಂಟೆ ಓಟಿ, ವಾರಕ್ಕೆ 12, ಒಟ್ಟು 36 ಗಂಟೆ. ಆ ವಾರಗಳಲ್ಲಿ 48 ಗಂಟೆಯ ಮೇಲೆ ಮಾಡಿದ ಕೆಲಸವಾದ್ದರಿಂದ 36ಕ್ಕೂ ದುಪ್ಪಟ್ಟು ಕೂಲಿ. ಮದುವೆಯ ವಾರ ಓಟಿ ಮಾಡಿಲ್ಲ. ಒಟ್ಟು ಗಂಟೆ 220.

ಸಲಹೆಗಾರನ ಲೆಕ್ಕ: 220ರಲ್ಲಿ 208 ಹೋದರೆ ಓಟಿ 12 ಗಂಟೆ. ಹಾಗಾಗಿ ಪೂರ್ತಿ ತಿಂಗಳ ಕೂಲಿ 14,560, ಓಟಿಗೆ ಗಂಟೆಗೆ 140ರಂತೆ 1,680, ಸೇರಿ 16,240. ಅದರ ಮೇಲೆ ಮಾಲೀಕನ ಪಿಎಫ್ ಶೇ. 13, ಅಂದರೆ ಪಿಂಚಣಿ 8.33, ಭವಿಷ್ಯನಿಧಿ 3.67, ವಿಮೆ ಅರ್ಧ, ಆಡಳಿತ ಶುಲ್ಕ ಅರ್ಧ. ಅದು ಓಟಿ ಬಿಟ್ಟು 14,560ರ ಮೇಲೆ 1,893. ಇಎಸ್‌ಐ ಮಾಲೀಕನ ಪಾಲು ಶೇ. 3.25, ಓಟಿ ಸೇರಿ, 528. ಒಟ್ಟು 18,661. ಅದನ್ನು 220ರಿಂದ ಭಾಗಿಸಿ ಗಂಟೆಗೆ 84 ರೂಪಾಯಿ 82 ಪೈಸೆ. ನಾನು 2024ರ ಏಪ್ರಿಲ್‌ನಲ್ಲಿ ಒಂದು ವರ್ಷದ ಜಾಬ್‌ವರ್ಕ್‌ಗೆ ಕೂಲಿ ಬಾಬ್ತು 85 ರೂಪಾಯಿ ಎಂದು ಬರೆದುಕೊಟ್ಟದ್ದು ಇದೇ ಹಾಳೆಯನ್ನು ಮುಂದಿಟ್ಟುಕೊಂಡು.

ಮಸ್ಟರ್ ಹೇಳುವುದು ಬೇರೆ. 23 ದಿನಕ್ಕೆ 12,880. ಓಟಿ 36 ಗಂಟೆಗೆ 5,040. ಸೇರಿ 17,920, ಮತ್ತು ಬ್ಯಾಂಕಿನಿಂದ ನಿಜವಾಗಿ ಪಗಾರವಾಗಿ ಹೋದದ್ದೂ ಇದರ ಲೆಕ್ಕದಲ್ಲೇ, ಏಕೆಂದರೆ ಪಗಾರ ಬಟವಾಡೆ ಮಾಡುವುದು ನಮ್ಮ ಸೂಪರ್‌ವೈಸರ್‌ನ ಪುಸ್ತಕ ನೋಡಿ. ಪಿಎಫ್ 12,880ರ ಮೇಲೆ 1,674. ಇಎಸ್‌ಐ 17,920ರ ಮೇಲೆ 582. ಪೈಸೆಗಳೂ ಸೇರಿ ಒಟ್ಟು 20,177. ಒಬ್ಬನೇ ಹುಡುಗನಿಗೆ 1,516 ರೂಪಾಯಿ ಕಡಿಮೆ ತೋರಿಸಿದ್ದ. ಪಿಎಫ್ ಹೆಚ್ಚು ಹೋಗಿತ್ತು, ಇಎಸ್‌ಐ ಕಡಿಮೆ ಹೋಗಿತ್ತು. ಎರಡೂ ತಪ್ಪು, ಎರಡೂ ನನ್ನ ಸಹಿಯ ಕೆಳಗೆ.

ಇದಕ್ಕಿಂತ ಹೊಟ್ಟೆಗೆ ಇರಿಯುವುದು ಇನ್ನೊಂದಿದೆ. ಗಂಟೆಗೆ 85 ಎಂಬ ಸರಾಸರಿಯೇ ಮೋಸ. ಸಾಮಾನ್ಯ ಗಂಟೆಗೆ ಕೂಲಿ 70, ಪಿಎಫ್ ಮತ್ತು ಇಎಸ್‌ಐ ಸೇರಿ 81 ರೂಪಾಯಿ 38 ಪೈಸೆ. ಓಟಿ ಗಂಟೆಗೆ 140, ಅದಕ್ಕೆ ಪಿಎಫ್ ಇಲ್ಲ, ಇಎಸ್‌ಐ ಮಾತ್ರ, 144 ರೂಪಾಯಿ 55 ಪೈಸೆ. ಏಪ್ರಿಲ್‌ನ ನಂತರ ಬಂದ ತುರ್ತು ಆರ್ಡರ್‌ಗಳನ್ನೆಲ್ಲ ನಾನು ರಾತ್ರಿ ಓಟಿಯಲ್ಲಿ ಮುಗಿಸಿ 85ರ ದರದಲ್ಲಿ ಬಿಲ್ ಮಾಡಿದ್ದೇನೆ. ಗಂಟೆಗೆ ಅರವತ್ತು ರೂಪಾಯಿ ಕೈಯಿಂದ ಹಾಕಿ, ಮೇಲೆ ಚಹಾ ಕುಡಿಸಿ, ಕೆಲಸ ಜಾಸ್ತಿ ಬಂತೆಂದು ಖುಷಿಪಟ್ಟಿದ್ದೇನೆ.

ಈ ಅಂಕಿಗಳಲ್ಲಿ ಬೋನಸ್, ಗ್ರಾಚ್ಯುಟಿ, ಇಪ್ಪತ್ತು ದಿನದ ಕೆಲಸಕ್ಕೊಂದು ಬರುವ ಸಂಬಳಸಹಿತ ರಜೆ ಯಾವುದೂ ಸೇರಿಲ್ಲ. ಅವು ಅವನ ಹಾಳೆಯಲ್ಲೂ ಇರಲಿಲ್ಲ. ಕೇಳಿದರೆ "ಅದು ವರ್ಷದ ಕೊನೆಯದು ಸರ್" ಎಂದ. ವರ್ಷದ ಕೊನೆಯದನ್ನು ಯಾರು ಕೊಡುತ್ತಾರೆ, ಅವನ ಅಪ್ಪನೇ?

ಮರುದಿನ ಮಸ್ಟರ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಕಚೇರಿಗೆ ಹೋದೆ. ಡಿಸೆಂಬರ್ ಪುಟ ತೆರೆದಿಟ್ಟೆ. ಮೂರು ಚೌಕದಲ್ಲಿ ಕೆಂಪು ಶಾಯಿಯ ಗೈರು ಗುರುತು, ನಮ್ಮ ಸೂಪರ್‌ವೈಸರ್‌ನ ಕೈ. ಅವನು ಪುಟ ನೋಡಲಿಲ್ಲ. "ನೀವು ಒಟ್ಟು ಗಂಟೆ ಕಳಿಸಿದಿರಿ, ನಾನು ಒಟ್ಟು ಗಂಟೆಗೆ ಮಾಡಿದೆ" ಎಂದ. ಮಸ್ಟರ್ ಪುಟದ ಫೋಟೊ ಪ್ರತಿ ತಿಂಗಳೂ ಕಳಿಸಿದ್ದೇನೆ ಎಂದು ಮೊಬೈಲ್ ತೋರಿಸಿದೆ. "ಇಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಸರ್? ಎಲ್ಲರಿಗೂ ಹೀಗೆಯೇ ಮಾಡುವುದು. ಯಾರೂ ಕೇಳಿಲ್ಲ." ಯಾರೂ ಕೇಳಿಲ್ಲ ಎಂಬ ಮಾತನ್ನು ಅವನು ಸರ್ಟಿಫಿಕೇಟಿನ ಹಾಗೆ ಹೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಕೇಳಿ.

ಈಗ ನಾನೇ ವಾರವಾರ ಲೆಕ್ಕ ಹಾಕುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಆರು ಚೌಕ, ಗೈರಿಗೆ ಅಕ್ಷರ ಬರೆಯದೆ 0 ಹಾಕಬೇಕು:

```
=MAX(SUMPRODUCT((B9:G9>9)*(B9:G9-9)), SUM(B9:G9)-48)
```

2024ರ ನಿಯಮದಂತೆ ದಿನಕ್ಕೆ 9 ಗಂಟೆ ದಾಟಿದ್ದು ಅಥವಾ ವಾರಕ್ಕೆ 48 ದಾಟಿದ್ದು, ಎರಡರಲ್ಲಿ ಯಾವುದು ಹೆಚ್ಚೋ ಅದು ದುಪ್ಪಟ್ಟಿನ ಓಟಿ. ಗೈರಾದ ವಾರದಲ್ಲಿ ಒಂದು ದಿನ ಹತ್ತು ಗಂಟೆ ದುಡಿದಿದ್ದರೆ ಒಂಬತ್ತನೆಯ ಗಂಟೆಗೆ ಒಂದು ಪಟ್ಟು, ಹತ್ತನೆಯದಕ್ಕೆ ಎರಡು ಪಟ್ಟು. ತಿಂಗಳ ಮೊತ್ತ ನೋಡಿದರೆ ಇದು ಎಂದೂ ಕಾಣುವುದಿಲ್ಲ. ದರ ಕೊಡುವಾಗ ಎರಡು ದರ ಬರೆಯಿರಿ, ಸಾಮಾನ್ಯ ಗಂಟೆಗೆ ಒಂದು, ಓಟಿಗೆ ಒಂದು. ಮತ್ತು ಪಿಡಿಎಫ್ ಕಳಿಸುವವನನ್ನು ನಂಬಬೇಡಿ.

ಬಾಕಿ ಇಎಸ್‌ಐ ಕಟ್ಟಿದೆ, ವರ್ಷಕ್ಕೆ ಶೇ. 12ರ ಬಡ್ಡಿ ಸೇರಿಸಿ. ಕೆಲಸಗಾರನ ಪಾಲು ಶೇ. 0.75 ಕೂಡ ನನ್ನದೇ ಕೈಯಿಂದ, ಏಕೆಂದರೆ ಆ ತಿಂಗಳ ಪಗಾರದಲ್ಲಿ ಹಿಡಿಯದೆ ಬಿಟ್ಟದ್ದನ್ನು ಆಮೇಲೆ ಹಿಡಿಯುವಂತಿಲ್ಲ. ಟರ್ನರ್ ಒಬ್ಬರದ್ದೇ ಆರು ತಿಂಗಳಿಗೆ ಆರು ಸಾವಿರದ ಹತ್ತಿರ ಬಂತು. ಅವರ ರಜೆಯ ದಿನಗಳ ಶೇ. 70ನ್ನೂ ನಾನೇ ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡು, "ನನ್ನ ಹೆಸರು ಯಾವಾಗ ತೆಗೆದಿರಿ ಸಾಹುಕಾರರೇ?" ಎಂದಷ್ಟೇ ಕೇಳಿದರು. ನಾನು ತೆಗೆದಿಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ.

ಕಳೆದ ವಾರ ಸಲಹೆಗಾರನಿಂದ ಬಿಲ್ ಬಂದಿದೆ. ಹಳೆಯ ತಿಂಗಳುಗಳ ತಿದ್ದುಪಡಿ ಶುಲ್ಕ, 3,000 ರೂಪಾಯಿ. ಪಿಡಿಎಫ್‌ನಲ್ಲಿ.