ಮೂರು ಮಾಣಿಕ, ಮೂರು ರಿಪೋರ್ಟ್: ಕಾಸದ್ದು, ಕಾಸಿದ್ದು, ಗಾಜು ತುಂಬಿದ್ದು

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತ ಆಗಲಿ, ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ, ಅಂಗಡಿಯಲ್ಲಿ ಕೂತು ಮಾಣಿಕದ ಹರಳು ಕೇಳಿದರೆ ಬರುವ ಮೊದಲ ಉತ್ತರ ಒಂದೇ: "ಒರಿಜಿನಲ್ ಐತ್ರಿ, ಸರ್ಟಿಫಿಕೇಟ್ ಕೊಡ್ತೀವ್ರಿ." ಈ ಮಾತು ಸಾಮಾನ್ಯವಾಗಿ ನಿಜವೇ. ಆದರೆ ಮೂರು ಕ್ಯಾರಟ್ಟಿನ ಒರಿಜಿನಲ್ ಮಾಣಿಕ ಎರಡು ಸಾವಿರ ರೂಪಾಯಿಗೂ ಸಿಗುತ್ತದೆ, ಲಕ್ಷಗಟ್ಟಲೆಗೂ ಸಿಗುತ್ತದೆ. ಆ ಅಂತರ ಇರುವುದು ಆ ಸರ್ಟಿಫಿಕೇಟಿನ, ಅಂದರೆ ಪ್ರಯೋಗಾಲಯದ ರಿಪೋರ್ಟಿನ, ಕೊನೆಯ ಒಂದು ಸಾಲಿನಲ್ಲಿ.

ಒಂದೇ ಅಳತೆಯ, ಓವಲ್ ಆಕಾರದ ಮೂರು ಬಿಡಿ ಹರಳುಗಳನ್ನು ಅವುಗಳ ರಿಪೋರ್ಟಿನ ಜೊತೆ ಅಕ್ಕಪಕ್ಕ ಇಟ್ಟು ನೋಡೋಣ. ಮೂರರಲ್ಲೂ ‘ಸ್ಪೀಶೀಸ್’ ಎಂಬಲ್ಲಿ ನ್ಯಾಚುರಲ್ ಕೊರಂಡಮ್, ‘ವೆರೈಟಿ’ ಎಂಬಲ್ಲಿ ರೂಬಿ ಎಂದಿದೆ. ವಕ್ರೀಭವನಾಂಕ 1.762ರಿಂದ 1.770, ಸಾಂದ್ರತೆ ಹೆಚ್ಚುಕಡಿಮೆ 4.00. ಇಲ್ಲಿಯವರೆಗೆ ಮೂರಕ್ಕೂ ವ್ಯತ್ಯಾಸವಿಲ್ಲ. ಕಾರ್ಡಿನ ಗಾತ್ರದ ಅಗ್ಗದ ರಿಪೋರ್ಟುಗಳು ಬಹುಪಾಲು ಇಲ್ಲಿಗೇ ನಿಲ್ಲುತ್ತವೆ. ಈ ಸಂಖ್ಯೆಗಳು ಹರಳು ಯಾವ ಖನಿಜ ಎಂಬುದನ್ನಷ್ಟೇ ಹೇಳುತ್ತವೆ. ಅದಕ್ಕೆ ಏನು ಮಾಡಿದ್ದಾರೆ ಎಂಬುದನ್ನು ಹೇಳುವ ಜಾಗ ‘ಕಾಮೆಂಟ್ಸ್’ ಅಥವಾ ‘ಟ್ರೀಟ್‌ಮೆಂಟ್’ ಎಂಬ ಸಾಲು. ಆ ಸಾಲೇ ಇಲ್ಲದ ಕಾರ್ಡನ್ನು ಬೆಲೆ ಕಟ್ಟಲು ಬಳಸಬಾರದು. ಸಾಲು ಖಾಲಿ ಇದ್ದರೆ ಟ್ರೀಟ್‌ಮೆಂಟ್ ಇಲ್ಲ ಎಂದು ಅರ್ಥವಲ್ಲ, ಪರೀಕ್ಷೆ ಮಾಡಿಲ್ಲ ಎಂದೂ ಇರಬಹುದು.

ಮೊದಲನೆಯ ಹರಳಿನ ಕಾಮೆಂಟ್: ‘ನೋ ಇಂಡಿಕೇಶನ್ಸ್ ಆಫ್ ಹೀಟಿಂಗ್’. ಕಾಸಿದ ಗುರುತು ಕಂಡಿಲ್ಲ ಎಂಬುದು ಇದರ ಅರ್ಥ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಒಳಗೆ ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳು ತುದಿಯವರೆಗೆ ಮುರಿಯದೆ ಕಾಣುತ್ತವೆ. ಅವು ರುಟೈಲ್ ಎಂಬ ಖನಿಜದ ಎಳೆಗಳು. ಹೆಚ್ಚಿನ ಶಾಖದಲ್ಲಿ ಅವು ಮಾಣಿಕದೊಳಗೇ ಕರಗಿಹೋಗುತ್ತವೆ. ಹಾಗಾಗಿ ಎಳೆ ಹಾಗೇ ಇದ್ದರೆ ಹರಳು ಜೋರು ಉರಿ ಕಂಡಿಲ್ಲ ಎಂದು ತಿಳಿಯಬಹುದು. ಒಂದು ಮಿತಿಯೂ ಇದೆ. ಸುಮಾರು ಸಾವಿರ ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಕಾಸಿದರೆ ಎಳೆಗಳು ಕರಗುವುದಿಲ್ಲ, ನೇರಳೆ ಛಾಯೆ ಮಾತ್ರ ಇಳಿಯುತ್ತದೆ. ಅದನ್ನು ಹಿಡಿಯಲು ಲೂಪ್ ಸಾಲದು, ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಬೇಕು, ಅದೂ ಎಲ್ಲ ಸಲ ಖಚಿತ ಉತ್ತರ ಕೊಡುವುದಿಲ್ಲ. ಅದಕ್ಕೇ ಪ್ರಯೋಗಾಲಯದವರು ‘ಅನ್‌ಹೀಟೆಡ್’ ಎಂದು ಬರೆಯದೆ ‘ಇಂಡಿಕೇಶನ್ಸ್ ಇಲ್ಲ’ ಎಂದು ಬರೆಯುವುದು.

ಎರಡನೆಯದರ ಕಾಮೆಂಟ್: ‘ಇಂಡಿಕೇಶನ್ಸ್ ಆಫ್ ಹೀಟಿಂಗ್’. ಇದನ್ನು ಓದಿ ಗಾಬರಿಯಾಗುವ ಗಿರಾಕಿಗಳು ಬಹಳ. ಗಾಬರಿ ಬೇಕಿಲ್ಲ. ಪೇಟೆಗೆ ಬರುವ ಮಾಣಿಕಗಳಲ್ಲಿ ಹೆಚ್ಚಿನವು ಕಾಸಿದವೇ. ಶಾಖದಿಂದ ಬಂದ ಬಣ್ಣ ಶಾಶ್ವತ, ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಹೋಗುವುದಿಲ್ಲ. ಇದರ ಒಳಗೆ ನೋಡಿದರೆ ಎಳೆಗಳು ತುಂಡುತುಂಡಾಗಿ ಚುಕ್ಕಿಗಳ ಸಾಲಾಗಿರುತ್ತವೆ. ಒಳಗಿದ್ದ ಸಣ್ಣ ಹರಳುಕಣ ಉಬ್ಬಿ, ಅದರ ಸುತ್ತ ತಟ್ಟೆಯಾಕಾರದ ಬಿರುಕು ಹರಡಿರುತ್ತದೆ.

ಈ ಸಾಲಿನ ಮುಂದೆ ಇನ್ನೂ ನಾಲ್ಕು ಶಬ್ದ ಇವೆಯೇ ಎಂದು ನೋಡುವುದು ಮುಖ್ಯ: ‘ರೆಸಿಡ್ಯೂ ಇನ್ ಹೀಲ್ಡ್ ಫಿಶರ್ಸ್’. 1990ರ ದಶಕದಲ್ಲಿ ಮ್ಯಾನ್ಮಾರಿನ ಮೊಂಗ್ ಸು ಗಣಿಯಿಂದ ಬಂದ ಮಾಣಿಕಗಳ ನಡುವೆ ನೀಲಿ ತಿರುಳು, ಮೈತುಂಬ ಬಿರುಕು. ಅವನ್ನು ಬಿಳಿಗಾರದ ಜೊತೆ ಕಾಸಿದಾಗ ನೀಲಿ ಹೋಯಿತು, ಬಿಳಿಗಾರ ಕರಗಿ ಬಿರುಕಿನ ಗೋಡೆಗಳ ಮೇಲೆ ಮಾಣಿಕವೇ ಮತ್ತೆ ಬೆಳೆದು ಬಿರುಕು ಬೆಸೆದುಕೊಂಡಿತು. ಪೂರ್ತಿ ಬೆಸೆಯದ ಕಡೆ ಗಾಜಿನಂಥ ಶೇಷ ಉಳಿಯುತ್ತದೆ. ಅದು ಎಷ್ಟಿದೆ ಎಂಬುದನ್ನು ಮೈನರ್, ಮಾಡರೇಟ್, ಸಿಗ್ನಿಫಿಕಂಟ್ ಎಂದು ಮೂರು ಹಂತದಲ್ಲಿ ಬರೆಯುತ್ತಾರೆ. ಮೈನರ್ ಇದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ, ಹರಳು ಗಟ್ಟಿಯಾಗಿಯೇ ಇರುತ್ತದೆ. ಸಿಗ್ನಿಫಿಕಂಟ್ ಎಂದಿದ್ದರೆ ಬರಿಗಣ್ಣಿಗೆ ಎಷ್ಟೇ ಚೆಂದ ಕಂಡರೂ, ಶೇಷವಿಲ್ಲದ ಹೀಟೆಡ್ ಹರಳಿನ ದರ ಕೊಡಬೇಡಿ.

ಮೂರನೆಯದರ ಕಾಮೆಂಟ್: ‘ಲೆಡ್ ಗ್ಲಾಸ್ ಫಿಲ್ಲಿಂಗ್ ಇನ್ ಫ್ರಾಕ್ಚರ್ಸ್ ಆ್ಯಂಡ್ ಕ್ಯಾವಿಟೀಸ್’. ಕೆಲವು ಪ್ರಯೋಗಾಲಯಗಳು ಇದನ್ನು ‘ಕಾಂಪೊಸಿಟ್ ರೂಬಿ’ ಎನ್ನುತ್ತವೆ. ಗಾಜು ತೀರಾ ಹೆಚ್ಚಿದ್ದರೆ ‘ಮ್ಯಾನುಫ್ಯಾಕ್ಚರ್ಡ್ ಪ್ರಾಡಕ್ಟ್’ ಎಂದೂ ಬರೆಯುವವರಿದ್ದಾರೆ. 2004ರ ಸುಮಾರಿಗೆ ಪೇಟೆಗೆ ಬಂದ ಈ ಸರಕಿನ ಮೊದಲ ಕಚ್ಚಾಮಾಲು ಹೆಚ್ಚಾಗಿ ಮಡಗಾಸ್ಕರಿನದು. ಹಾಗೇ ಬಿಟ್ಟರೆ ಉಂಗುರಕ್ಕೆ ಬಾರದಷ್ಟು ಒಡಕು, ಮಸುಕು ಇರುವ ಕಲ್ಲು. ಅದನ್ನು ಆಮ್ಲದಲ್ಲಿ ತೊಳೆದು, ಸೀಸ ಬೆರೆಸಿದ ಗಾಜಿನ ಪುಡಿಯ ಜೊತೆ ಕಾಸುತ್ತಾರೆ. ಕರಗಿದ ಗಾಜು ಬಿರುಕಿನೊಳಗೆ ಇಳಿಯುತ್ತದೆ. ಸೀಸ ಏಕೆ ಬೇಕು ಎಂದರೆ, ಮಾಮೂಲಿ ಗಾಜಿನ ವಕ್ರೀಭವನಾಂಕ ಸುಮಾರು 1.5, ಅದು ಬಿರುಕನ್ನು ಮರೆಮಾಡುವುದಿಲ್ಲ. ಸೀಸ ಹೆಚ್ಚಿಸಿದಷ್ಟೂ ಅಂಕ ಮಾಣಿಕದ ಹತ್ತಿರ ಬರುತ್ತದೆ, ಬೆಳಕು ಬಾಗದೆ ದಾಟುತ್ತದೆ, ಬಿರುಕು ಕಣ್ಣಿಗೆ ಬೀಳುವುದಿಲ್ಲ. ನೀರು ಬಿದ್ದಾಗ ಮಸುಕು ಗಾಜು ಪಾರದರ್ಶಕ ಕಾಣುವ ಹಾಗೆ.

ಇದನ್ನು ಅಂಗಡಿಯಲ್ಲೇ ಗುರುತಿಸಬಹುದು. ಹರಳನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು, ಸಣ್ಣ ಟಾರ್ಚನ್ನು ಪಕ್ಕದಿಂದ ಬಿಟ್ಟು, ಲೂಪಿನಲ್ಲಿ ನೋಡುತ್ತಾ ನಿಧಾನವಾಗಿ ಓಲಾಡಿಸಬೇಕು. ಒಂದು ಕೋನದಲ್ಲಿ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹಾಯುತ್ತದೆ, ಕೆಲವೊಮ್ಮೆ ಕಿತ್ತಳೆ. ಮಾಣಿಕದೊಳಗೆ ನೀಲಿ ಹೊಳೆಯಲು ಬೇರೆ ಕಾರಣ ಅಪರೂಪ. ಆಮೇಲೆ ಗುಳ್ಳೆ ಹುಡುಕಿ: ಗಾಜಿನಲ್ಲಿ ಸಿಕ್ಕಿಕೊಂಡ ಗಾಳಿ ಬಿರುಕಿನ ಮಟ್ಟದಲ್ಲಿ ಚಪ್ಪಟೆಯಾಗಿ, ದೊಡ್ಡ ಸಂದಿಯಲ್ಲಿ ದುಂಡಗಾಗಿ ಕಾಣುತ್ತದೆ. ಕೊನೆಗೆ ಬೆಳಕು ಮೇಲ್ಮೈಯಿಂದ ಪ್ರತಿಫಲಿಸುವಂತೆ ಹಿಡಿದರೆ, ಗಾಜು ಹೊರಬಂದ ಕಡೆ ಮುಖದ ಹೊಳಪು ಮಂಕಾಗಿರುತ್ತದೆ, ಗಾಜು ಮಾಣಿಕಕ್ಕಿಂತ ಮೆದುವಾದ್ದರಿಂದ. ನೀಲಿ ಮಿಂಚು ಮತ್ತು ಗುಳ್ಳೆ ಎರಡೂ ಸಿಕ್ಕರೆ ರಿಪೋರ್ಟಿಗೆ ಕಾಯುವ ಅಗತ್ಯವೂ ಇಲ್ಲ.

ಬಾಳಿಕೆಯಲ್ಲಿ ಮೂರಕ್ಕೂ ಇರುವ ಅಂತರ ದೊಡ್ಡದು. ಮೊದಲೆರಡು ಹರಳುಗಳಿಗೆ ನಿಂಬೆರಸ, ಹುಣಸೆಹುಳಿ ಏನೂ ಮಾಡುವುದಿಲ್ಲ. ಮೂರನೆಯದನ್ನು ನಿಂಬೆರಸದಲ್ಲಿ ರಾತ್ರಿ ಬಿಟ್ಟರೆ ಬಿರುಕಿನ ಬಾಯಲ್ಲಿ ಗಾಜು ತಿಂದುಹೋಗಿ ಬಿಳಿ ಗೆರೆಗಳು ಏಳಬಹುದು. ಉಂಗುರವನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆಯುವ ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಪಾಯಖಾನೆ ತೊಳೆಯುವ ಆ್ಯಸಿಡ್ ತಾಕಿದರಂತೂ ಹಾನಿ ಬೇಗ. ಹೆಚ್ಚಿನ ಅಪಾಯ ಪತ್ತಾರರ ಮೇಜಿನ ಮೇಲೆ. ಉಂಗುರ ಸಡಿಲಾಯಿತೆಂದು ಹರಳು ಬಿಚ್ಚದೆ ಬೆಸುಗೆ ಹಾಕಿದರೆ, ಉರಿಗೆ ಗಾಜು ಕರಗಿ ಹನಿಹನಿಯಾಗಿ ಮೇಲೆ ಬರುತ್ತದೆ. ಆಮೇಲೆ ತೇಜಾಬಿನಲ್ಲಿ ಅದ್ದಿದರೆ ಉಳಿದದ್ದೂ ಹೋಗಿ ಹಳೆಯ ಒಡಕುಕಲ್ಲು ಎದುರಿಗೆ ಬರುತ್ತದೆ. ಗಿರಾಕಿ ಪತ್ತಾರರನ್ನು ಬೈಯುತ್ತಾನೆ, ತಪ್ಪು ಹೇಳದೆ ಉಂಗುರ ಕೊಟ್ಟ ಗಿರಾಕಿಯದ್ದೇ. ಕೊಡುವಾಗಲೇ "ಹರಳು ಬಿಚ್ಚಿ ಬೆಸುಗೆ ಹಾಕ್ರಿ" ಎಂದು ಹೇಳಬೇಕು. ಈ ಎಚ್ಚರ ಮೊದಲೆರಡಕ್ಕೂ ಒಳ್ಳೆಯದೇ: ಬೆಸುಗೆಯ ಶಾಖದಲ್ಲಿ ಬಿಳಿಗಾರ ತಾಕಿದರೆ ಗಟ್ಟಿ ಮಾಣಿಕದ ಮೇಲ್ಮೈಯೂ ಸವೆದು ಒರಟಾಗುತ್ತದೆ.

ಈಗ ಬೆಲೆ. ಮಾರುವವರು ದರವನ್ನು ರತ್ತಿಗೆ ಹೇಳುತ್ತಾರೆ, ರಿಪೋರ್ಟು ಕ್ಯಾರಟ್ಟಿನಲ್ಲಿರುತ್ತದೆ. ಜ್ಯೋತಿಷ್ಯದ ಹರಳುಗಳ ವ್ಯಾಪಾರದಲ್ಲಿ ರೂಢಿಯಲ್ಲಿರುವ ಒಂದು ರತ್ತಿ ಎಂದರೆ ಸುಮಾರು 0.91 ಕ್ಯಾರಟ್. ನಮ್ಮ ಹರಳಿನ ತೂಕ 3.01 ಕ್ಯಾರಟ್, ಅಂದರೆ 3.31 ರತ್ತಿ. ರತ್ತಿಗೆ ₹18,000 ಎಂದು ಕೇಳಿದರೆ ಒಟ್ಟು ₹59,580, ಕ್ಯಾರಟ್ಟಿಗೆ ₹19,800ರ ಹತ್ತಿರ. ಎರಡನೆಯ ಹರಳಿನ ಬಣ್ಣ ಚೆನ್ನಾಗಿದ್ದು, ಶೇಷ ಇಲ್ಲದಿದ್ದರೆ ಈ ದರದ ಬಗ್ಗೆ ಮಾತಾಡಬಹುದು. ಮೂರನೆಯದಕ್ಕೆ ಮಾತೇ ಬೇಡ: ಗಾಜು ತುಂಬಿದ ಮಾಣಿಕ ಸಾಮಾನ್ಯವಾಗಿ ಕ್ಯಾರಟ್ಟಿಗೆ ಕೆಲವು ನೂರು ರೂಪಾಯಿಯ ಸರಕು, ಇಡೀ ಹರಳಿಗೆ ಒಂದೆರಡು ಸಾವಿರ. ತೂಕದಲ್ಲಿ ಗಾಜಿನ ಪಾಲೂ ಸೇರಿದೆ ಎಂಬುದು ಬೇರೆ. ಗಾಜು ತುಂಬಿದ್ದು ಎಂದು ಹೇಳಿ, ಆ ಬೆಲೆಗೆ ಕೊಟ್ಟರೆ ಅದು ಮೋಸವಲ್ಲ.

ಮೊದಲನೆಯದರ ಬೆಲೆ ಮಾತ್ರ ಅದರ ಅಂದದ ಮೇಲೆ. ಒಳ್ಳೆಯ ಕೆಂಪು, ಸ್ವಚ್ಛ ಹರಳು ಕಾಸದೇ ಸಿಗುವುದು ಅಪರೂಪ, ಹಾಗಾಗಿ ಅದೇ ಅಂದದ ಹೀಟೆಡ್ ಹರಳಿಗಿಂತ ಎರಡು ಪಟ್ಟು, ಇನ್ನೂ ಹೆಚ್ಚು ಕೂಡ ಹೋಗುತ್ತದೆ. ಆದರೆ ಬೆಳಕೇ ಹಾಯದ ನೇರಳೆಗೆಂಪು ಕಲ್ಲಿಗೆ ‘ನೋ ಇಂಡಿಕೇಶನ್ಸ್’ ಎಂಬ ರಿಪೋರ್ಟು ಜೋಡಿಸಿ ದುಪ್ಪಟ್ಟು ಕೇಳುವುದು ಈಗ ಬಹಳ ನಡೆದಿದೆ. ಕಾಸಿದರೂ ಸುಧಾರಿಸದ ಕಲ್ಲನ್ನು ಯಾರೂ ಕಾಸುವುದಿಲ್ಲ, ಅದು ಕಾಸದೆ ಉಳಿದಿರಲು ಕಾರಣ ಅಷ್ಟೇ. ಜ್ಯೋತಿಷಿಗಳು ಅನ್‌ಹೀಟೆಡ್ಡೇ ಬೇಕೆಂದಿದ್ದರೆ ಕೊಳ್ಳಿ, ಅಪರೂಪದ ದರ ಕೊಡಬೇಡಿ. ಕೈಯಲ್ಲಿರುವ ಹಣಕ್ಕೆ ಆಯ್ಕೆ ಮಾಡುವುದಾದರೆ ಮಸುಕಾದ ಮೊದಲನೆಯದಕ್ಕಿಂತ ಹೊಳೆಯುವ ಎರಡನೆಯದೇ ನಮ್ಮ ಸಲಹೆ.

ರಿಪೋರ್ಟು ಇದೇ ಹರಳಿನದ್ದೇ ಎಂಬುದನ್ನು ಖಾತ್ರಿ ಮಾಡಿಕೊಳ್ಳದೆ ಇಷ್ಟೂ ಓದು ವ್ಯರ್ಥ. ನಂಬರನ್ನು ಪ್ರಯೋಗಾಲಯದ ವೆಬ್‌ಸೈಟಿನಲ್ಲಿ ನೀವೇ ಟೈಪ್ ಮಾಡಿ ತೆರೆಯಿರಿ, ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ನಕಲಿ ಪುಟಕ್ಕೂ ಒಯ್ಯಬಹುದು. ಬಿಡಿ ಹರಳಾದರೆ ಅಂಗಡಿಯ ಕ್ಯಾರಟ್ ತಕ್ಕಡಿಯಲ್ಲಿ ತೂಗಿಸಿ. ಉಂಗುರದಲ್ಲಿ ಕೂರಿಸಿದ್ದರೆ ಕ್ಯಾಲಿಪರ್ ಹಿಡಿದು ಲೆಕ್ಕ ಹಾಕಬಹುದು. ಓವಲ್ ಹರಳಿಗೆ ಉದ್ದ ಅಗಲಗಳ ಸರಾಸರಿಯ ವರ್ಗವನ್ನು ಆಳದಿಂದ, ಸಾಂದ್ರತೆಯಿಂದ, 0.0020ರಿಂದ ಗುಣಿಸಬೇಕು. ನಮ್ಮ ಹರಳು 9.50 × 7.50 × 5.20 ಮಿಮೀ: ಸರಾಸರಿ 8.50, ಅದರ ವರ್ಗ 72.25. ಇದನ್ನು 5.20, 4.00, 0.0020ರಿಂದ ಗುಣಿಸಿದರೆ 3.01 ಕ್ಯಾರಟ್. ತಳದ ಉಬ್ಬು ನೋಡಿ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಸರಿ, ಅರ್ಧ ಕ್ಯಾರಟ್ ಅಂತರ ಬಂದರೆ ಹರಳು ಬೇರೆ.

ದೊಡ್ಡ ಮೊತ್ತದ ಹರಳನ್ನು ಕೂರಿಸುವ ಮೊದಲೇ, ಬಿಡಿಯಾಗಿ, ಮುಂಬೈಯ ಜಿಐಐ ಅಥವಾ ಜೈಪುರದ ಐಐಜಿಜೆ-ಆರ್‌ಎಲ್‌ಸಿಯಂಥ (ಹಿಂದಿನ ಜಿಟಿಎಲ್) ಪ್ರಯೋಗಾಲಯಕ್ಕೆ ಕಳಿಸಿ, ಹೀಟಿಂಗ್ ಮತ್ತು ಫಿಲ್ಲಿಂಗ್ ಎರಡನ್ನೂ ಪರೀಕ್ಷಿಸಿ ಎಂದು ಬರೆದುಕೊಡಿ. ಕೂರಿಸಿದ ಮೇಲೆ ಕಳಿಸಿದರೆ ‘ಆಸ್ ಮೌಂಟಿಂಗ್ ಪರ್ಮಿಟ್ಸ್’, ಅಂದರೆ ಕಟ್ಟು ಬಿಟ್ಟಷ್ಟು ಮಾತ್ರ ನೋಡಿದ್ದು, ಎಂಬ ಷರತ್ತು ಸೇರಿ, ತೂಕ ಅಂದಾಜಿನದಾಗುತ್ತದೆ. ಬಿಲ್ಲಿನಲ್ಲಿ ಬರೀ ‘ಮಾಣಿಕ, 3.31 ರತ್ತಿ’ ಎಂದು ಬರೆಸಿಕೊಳ್ಳಬೇಡಿ. ರಿಪೋರ್ಟ್ ನಂಬರ್, ಕ್ಯಾರಟ್ ತೂಕ, ‘ಹೀಟೆಡ್, ಗ್ಲಾಸ್ ಫಿಲ್ಲಿಂಗ್ ಇಲ್ಲ’ ಎಂಬ ಮಾತು, ವಾಪಸ್ ಕೊಂಡರೆ ಎಷ್ಟು ಕಡಿತ ಎಂಬುದು, ಇಷ್ಟನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಮುಂಗಡ ಕೊಡಬೇಡಿ.