ಲೋಗೊ ಮೊದಲಾ, ವಿಷಯ ಮೊದಲಾ? ಮೂರು ಇಂಟ್ರೊ, ಎರಡು ಔಟ್ರೊ ಹಾಕಿ ನೋಡಿದ ಮೇಲೆ

ನಮ್ಮದು ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ತೋರಿಸುವ ಯೂಟ್ಯೂಬ್ ಚಾನೆಲ್. ನೋಡುವವರಲ್ಲಿ ಎರಡು ಗುಂಪು. ಒಂದು, ಅರ್ಧ ರುಬ್ಬಿದ ಚಟ್ನಿ ಜಾರಿನಲ್ಲೇ ಬಿಟ್ಟು ಮೊಬೈಲ್ ಹಿಡಿದು ಬಂದವರು. ಇನ್ನೊಂದು, ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡವರು. ಅವರು ಪ್ಲೇಲಿಸ್ಟ್ ಹಾಕಿಕೊಂಡು ಒಂದರ ಹಿಂದೆ ಒಂದು ನೋಡುತ್ತಾರೆ. ಇಂಟ್ರೊ ಕಾಟ ಜಾಸ್ತಿ ತಟ್ಟುವುದು ಈ ಎರಡನೆಯವರಿಗೆ. ಮೊದಲ ಸಲಕ್ಕೆ ಚೆನ್ನಾಗಿ ಕಂಡ ಲೋಗೊ ನಾಲ್ಕನೇ ವಿಡಿಯೊ ಹೊತ್ತಿಗೆ ತಲೆನೋವು.

ಹೋಲಿಸಲು ನಾನು ನಂಬಿದ್ದು ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗ್ರಾಫನ್ನು. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಅದು ತೋರಿಸುತ್ತದೆ. ಮೊದಲ 30 ಸೆಕೆಂಡ್ ದಾಟಿದವರ ಲೆಕ್ಕ ಬೇರೆಯಾಗಿಯೇ ಸಿಗುತ್ತದೆ. ಸಬ್‌ಸ್ಕ್ರೈಬ್ ಆದವರನ್ನೂ ಆಗದವರನ್ನೂ ಬೇರೆ ಗೆರೆಯಲ್ಲಿ ನೋಡಬಹುದು. ನಮ್ಮ ಪ್ರಶ್ನೆಗೆ ಆ ಸಬ್‌ಸ್ಕ್ರೈಬರ್ ಗೆರೆಯೇ ಮುಖ್ಯ.

ಮೊದಲು ಹಾಕಿದ್ದು ಎಲ್ಲರೂ ಹಾಕುವಂಥದ್ದು: ಒಂಬತ್ತು ಸೆಕೆಂಡಿನ ರೆಡಿಮೇಡ್ ಟೆಂಪ್ಲೇಟ್. ಕಪ್ಪು ಪರದೆ, ಕಿಡಿ ಹಾರುತ್ತದೆ, ಲೋಗೊ ತಿರುಗಿ ನಿಲ್ಲುತ್ತದೆ, ಕೊನೆಗೆ ಧಡ್ ಅಂತ ಒಂದು ಸದ್ದು. ಗ್ರಾಫಿನಲ್ಲಿ ಸಬ್‌ಸ್ಕ್ರೈಬರ್ ಗೆರೆ ಶುರುವಿನಲ್ಲೇ ಜಾರಿ, ಲೋಗೊ ಮುಗಿದ ಜಾಗದಲ್ಲಿ ಸ್ವಲ್ಪ ಮೇಲೆದ್ದಿತ್ತು. ಮೇಲೆದ್ದಿದ್ದರೆ ಜನ ಬಿಟ್ಟು ಹೋಗಿಲ್ಲ, ಹಾರಿಸಿದ್ದಾರೆ ಎಂದರ್ಥ. ಮೊಬೈಲಿನಲ್ಲಿ ಪರದೆ ಬಲಕ್ಕೆ ಎರಡು ಸಲ ತಟ್ಟಿದರೆ 10 ಸೆಕೆಂಡ್ ಮುಂದಕ್ಕೆ ಹೋಗುತ್ತದೆ. ಒಂಬತ್ತು ಸೆಕೆಂಡಿನ ಇಂಟ್ರೊಗೆ ಅಷ್ಟೇ ಸಾಕು, ಅಲ್ವಾ? ಹಾರಿಸಿದವನಿಗೆ ಲೋಗೊ ಕಾಣಲಿಲ್ಲ, ಬ್ರ್ಯಾಂಡೂ ಕಟ್ಟಲಿಲ್ಲ. ಗೆರೆ ಇಳಿದು ಮತ್ತೆ ಏಳದಿದ್ದರೆ ಕಥೆ ಬೇರೆ, ಅವರು ಹೊರಟೇ ಹೋದರು.

ಟೆಂಪ್ಲೇಟಿನ ಇನ್ನೊಂದು ತಕರಾರು ಸದ್ದು. ವಿಡಿಯೊ ಜೋರಾಗಿದ್ದರೆ ಯೂಟ್ಯೂಬ್ ಅದನ್ನು, ಸದ್ದಿನ ಜೋರು ಅಳೆಯುವ LUFS ಲೆಕ್ಕದಲ್ಲಿ, ಸುಮಾರು -14ರ ಮಟ್ಟಕ್ಕೆ ತಗ್ಗಿಸುತ್ತದೆ, ನಿಜ. ಆದರೆ ತಗ್ಗಿಸುವುದು ಇಡೀ ವಿಡಿಯೊವನ್ನು ಒಟ್ಟಿಗೆ. ಸಂಗೀತ ಜೋರು, ಮಾತು ಮೆಲ್ಲಗೆ ಇದ್ದರೆ ಆ ಅಂತರ ಹಾಗೇ ಉಳಿಯುತ್ತದೆ. ಮಾತು ಕೇಳಲಿ ಎಂದು ವಾಲ್ಯೂಮ್ ಏರಿಸಿಕೊಂಡವನ ಕಿವಿಗೆ ಮುಂದಿನ ವಿಡಿಯೊದ ಲೋಗೊ ಬಡಿಯುತ್ತದೆ. ‘ಅಣ್ಣಾ, ಆ ಮ್ಯೂಸಿಕ್ ತೆಗೀರಿ, ಮಗು ಎದ್ದುಬಿಡತ್ತೆ’ ಎಂದು ಒಬ್ಬರು ಬರೆದಿದ್ದರು.

ಎರಡನೆಯದು, ಮೊದಲು ವಿಷಯ, ಆಮೇಲೆ ಲೋಗೊ. ಹತ್ತು ಹನ್ನೆರಡು ಸೆಕೆಂಡ್ ಸಮಸ್ಯೆ ತೋರಿಸುವುದು, ನಂತರ ಮೂರು ಸೆಕೆಂಡ್ ಲೋಗೊ. ಇದು ನಿಜಕ್ಕೂ ವಾಸಿ. ಹೊಸಬರು ‘ನಾನು ಹುಡುಕಿದ್ದು ಇದೇ’ ಎಂದು ಖಾತ್ರಿ ಮಾಡಿಕೊಂಡು ನಿಲ್ಲುತ್ತಾರೆ. ಆದರೆ ಹಳಬರ ಗೆರೆಯಲ್ಲಿ ಲೋಗೊ ಬಂದ ಜಾಗದಲ್ಲಿ ಚಿಕ್ಕ ತಗ್ಗು ಉಳಿದೇ ಇತ್ತು. ಮಾತಿನ ಮಧ್ಯೆ ಪರದೆ ಕಪ್ಪಾಗಿ ಕತೆ ನಿಲ್ಲುತ್ತದೆ. ತೊಂದರೆ ಮೂರು ಸೆಕೆಂಡಿನದಲ್ಲ, ಆ ನಿಲ್ಲುವುದರದು.

ಮೂರನೆಯದರಲ್ಲಿ ಪ್ರತ್ಯೇಕ ಇಂಟ್ರೊ ಅನ್ನುವುದೇ ಇಲ್ಲ. ಗುರುತು ಓಡುವ ದೃಶ್ಯದ ಮೇಲೇ ಬರುತ್ತದೆ. ಜಾರ್ ಕೆಳಗೆ ನೀರು ಸೋರುವ ವಿಡಿಯೊವನ್ನೇ ತೆಗೆದುಕೊಳ್ಳಿ. ಶುರುವಿನಲ್ಲೇ ಜಾರಿನ ತಳದಿಂದ ಹನಿ ಬೀಳುವುದು ಹತ್ತಿರದಿಂದ ಕಾಣುತ್ತದೆ, ‘ಜಾರ್ ಸೋರ್ತಾ ಇದೆಯಾ? ಜಾರ್ ಬದಲಿಸಬೇಡಿ, ಬುಶ್ ನೋಡಿ’ ಎಂಬ ಮಾತು. ಐದನೇ ಸೆಕೆಂಡಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಸ್ಟೀಲ್ ಜಾರಿಗೆ ಎರಡು ಸಲ ಟಿಣ್ ಟಿಣ್ ಎಂದು ತಟ್ಟುತ್ತೇನೆ. ಅದೇ ಹೊತ್ತಿಗೆ ಪರದೆಯ ಎಡ ಮೂಲೆಯಲ್ಲಿ ಹಳದಿ ಪಟ್ಟಿಯಲ್ಲಿ ಚಾನೆಲ್ ಹೆಸರು ಬಂದು ಎರಡು ಸೆಕೆಂಡಿಗೆ ಹೋಗುತ್ತದೆ. ಮಾತು ನಿಲ್ಲುವುದಿಲ್ಲ, ಕೈ ಆಗಲೇ ಬ್ಲೇಡ್ ಬಿಚ್ಚುತ್ತಿರುತ್ತದೆ.

ಆ ಟಿಣ್ ಸದ್ದನ್ನು ಪ್ರತಿ ಸಲ ಹೊಸದಾಗಿ ತಟ್ಟಿ ಮಾಡುವುದಿಲ್ಲ. ಒಮ್ಮೆ ಮೊಬೈಲಿನಲ್ಲಿ ಚೆನ್ನಾಗಿ ರೆಕಾರ್ಡ್ ಮಾಡಿಟ್ಟ ಅದೇ ಫೈಲ್ ಪ್ರತಿ ವಿಡಿಯೊಗೂ. ಜಾರ್ ಬದಲಾದರೆ ನಾದವೂ ಬದಲಾಗುತ್ತದೆ, ಬದಲಾದ ಸದ್ದು ಗುರುತಾಗಿ ನಿಲ್ಲುವುದಿಲ್ಲ. ಮಾತಿಗಿಂತ ಸ್ವಲ್ಪ ಮೆಲ್ಲಗೆ ಇಡಬೇಕು. ಪರೀಕ್ಷೆ ಸುಲಭ: ಇಯರ್‌ಫೋನ್ ಹಾಕಿ, ಮಾತು ಹಿತವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು ಅದೇ ವಿಡಿಯೊವನ್ನು ಸಾಲಾಗಿ ಐದು ಸಲ ಶುರು ಮಾಡಿ. ಐದನೇ ಸಲಕ್ಕೆ ಕೈ ವಾಲ್ಯೂಮ್ ಬಟನ್ ಕಡೆ ಹೋದರೆ ಸದ್ದು ಜಾಸ್ತಿ. ಈ ಸದ್ದು ನಮ್ಮದೇ ಆದ್ದರಿಂದ ಬೇರೆ ಚಾನೆಲಿನಲ್ಲೂ ಅದೇ ಕೇಳುವ, ಕಾಪಿರೈಟ್ ಕ್ಲೇಮ್ ಬರುವ ಭಯವೂ ಇಲ್ಲ. ಗ್ರಾಫಿನಲ್ಲಿ ಆ ಜಾಗದಲ್ಲಿ ತಗ್ಗು ಕಾಣಲಿಲ್ಲ.

ಇದಕ್ಕೂ ಮಿತಿ ಇದೆ. ಸದ್ದು ಬಂದ್ ಮಾಡಿ ನೋಡುವವರಿಗೆ ಹಳದಿ ಪಟ್ಟಿ ಒಂದೇ ಗತಿ. ಒಂದೇ ವಿಡಿಯೊ ನೋಡಿ ಹೋದವರಿಗೆ ಚಾನೆಲ್ ಹೆಸರು ನೆನಪಿರುವುದು ಅನುಮಾನ. ಅದಕ್ಕೆ ಸ್ಟುಡಿಯೊದ ಕಸ್ಟಮೈಸೇಷನ್ ಭಾಗದಲ್ಲಿ 150×150 ಪಿಕ್ಸೆಲ್‌ನ ವಾಟರ್‌ಮಾರ್ಕ್ ಹಾಕಿ, ಇಡೀ ವಿಡಿಯೊ ಇರುವಂತೆ ಬಿಟ್ಟಿದ್ದೇನೆ. ಯಾರ ದಾರಿಗೂ ಅಡ್ಡ ಬರುವುದಿಲ್ಲ.

ಇನ್ನು ಔಟ್ರೊ. ಹಳೆಯದು 20 ಸೆಕೆಂಡಿನ ಕಾರ್ಡ್: ಬಣ್ಣದ ಹಿನ್ನೆಲೆ, ಎರಡು ಖಾಲಿ ಚೌಕ, ಸಂಗೀತ, ‘ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಒತ್ತಿ’. ಆ ಚೌಕಗಳಲ್ಲಿ ಬೇರೆ ವಿಡಿಯೊ ತೋರಿಸುವ ಎಂಡ್ ಸ್ಕ್ರೀನನ್ನು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನೊಳಗೆ ಇಡಬಹುದು. ಪೂರ್ತಿ 20 ಬಳಸಿಕೊಂಡರೆ ಲಾಭ ಎಂಬ ಲೆಕ್ಕ ಅದು. ಆದರೆ ‘ಸರಿ ಫ್ರೆಂಡ್ಸ್, ಇಷ್ಟೇ ಇವತ್ತು’ ಎಂದ ಕ್ಷಣಕ್ಕೇ ಗೆರೆ ಬಿದ್ದುಹೋಗುತ್ತದೆ. ಚೌಕಗಳು ಕಾಣುವ ಹೊತ್ತಿಗೆ ಒತ್ತುವವರೇ ಇರುವುದಿಲ್ಲ.

ಈಗಿನದು ಹನ್ನೆರಡು ಸೆಕೆಂಡ್, ವಿದಾಯವೇ ಇಲ್ಲ. ಕೊನೆಯ ಉಪಯೋಗದ ಮಾತನ್ನು ಅಲ್ಲಿಗೇ ಉಳಿಸಿಟ್ಟಿರುತ್ತೇನೆ. ಜಾರ್ ವಿಡಿಯೊದಲ್ಲಿ ಅದು ಹೀಗೆ: ‘ಹೊಸ ಬುಶ್ ಹಾಕಿದ ಮೇಲೆ ಜಾರಿಗೆ ನೀರು ತುಂಬಿ ಪೇಪರ್ ಮೇಲೆ ಇಡಿ. ಪೇಪರ್ ಒದ್ದೆಯಾಗದಿದ್ದರೆ ಕೆಲಸ ಮುಗೀತು. ಸೋರುವುದು ನಿಂತು ಜಾರ್ ಗರ್ ಅನ್ನುತ್ತಿದ್ದರೆ ಕಪ್ಲರ್ ಸವೆದಿರಬಹುದು, ಇಲ್ಲಿದೆ ನೋಡಿ.’ ‘ಇಲ್ಲಿ’ ಎನ್ನುವಾಗ ಕಪ್ಲರ್ ವಿಡಿಯೊದ ಚೌಕ ಬರುತ್ತದೆ. ಸಬ್‌ಸ್ಕ್ರೈಬ್ ವೃತ್ತ ಅದಕ್ಕಿಂತ ನಾಲ್ಕು ಸೆಕೆಂಡ್ ತಡವಾಗಿ. ಎರಡೂ ಒಟ್ಟಿಗೆ ಬಂದರೆ ಕಣ್ಣು ಚದುರುತ್ತದೆ.

ಇದಕ್ಕೆ ಶೂಟಿಂಗ್ ಹೊತ್ತಲ್ಲೇ ಜಾಗ ಬಿಡಬೇಕು. ಕೊನೆಯ ಶಾಟಿನಲ್ಲಿ ಜಾರ್ ಎಡಕ್ಕೆ, ಬಲಗಡೆ ಮೇಜು ಖಾಲಿ. ಇಲ್ಲವಾದರೆ ಪೇಪರಿನ ಮೇಲೇ ಚೌಕ ಬಂದು ಕೂರುತ್ತದೆ, ತೋರಿಸಬೇಕಾದ್ದೇ ಮುಚ್ಚಿಹೋಗುತ್ತದೆ. ‘ಇತ್ತೀಚಿನ ವಿಡಿಯೊ’ ಆಯ್ಕೆಗಿಂತ ವಿಷಯಕ್ಕೆ ಹೊಂದುವ ಒಂದು ವಿಡಿಯೊವನ್ನು ನಾವೇ ಆರಿಸಿದಾಗ ಒತ್ತುವವರು ಜಾಸ್ತಿ. ಎಂಡ್ ಸ್ಕ್ರೀನ್ ಕ್ಲಿಕ್ ಲೆಕ್ಕ ಸ್ಟುಡಿಯೊದಲ್ಲೇ ಸಿಗುತ್ತದೆ. ಆದರೆ ಇದು ಕೆಲಸದ ಬಾಬತ್ತು: ಹೊಸ ಕಪ್ಲರ್ ವಿಡಿಯೊ ಹಾಕಿದರೆ ಹಳೆಯ ವಿಡಿಯೊಗಳ ಎಂಡ್ ಸ್ಕ್ರೀನನ್ನು ಒಂದೊಂದಾಗಿ ತೆರೆದು ಬದಲಿಸಬೇಕು.

ರಿಪೇರಿ, ಅಡುಗೆ, ಸಾಫ್ಟ್‌ವೇರ್ ಪಾಠದಂಥ ಚಾನೆಲ್‌ಗೆ ನಾನು ಹೇಳುವುದು ಮೂರನೇ ಇಂಟ್ರೊ, ಎರಡನೇ ಔಟ್ರೊ. ವಾರಕ್ಕೊಂದು ಕಂತಿನ ಹರಟೆ ಅಥವಾ ಧಾರಾವಾಹಿ ಥರದ್ದಾದರೆ ಎರಡನೇ ಇಂಟ್ರೊ ನಡೆಯುತ್ತದೆ, ಅಲ್ಲಿ ಜನ ಪುರುಸೊತ್ತಿನಲ್ಲಿ ಬಂದಿರುತ್ತಾರೆ. ಶಾರ್ಟ್ಸ್‌ಗೆ ಎರಡೂ ಬೇಡ. ಅಲ್ಲಿ ಎಂಡ್ ಸ್ಕ್ರೀನೇ ಇಲ್ಲ, ಮುಗಿದ ಕೂಡಲೇ ಮೊದಲಿನಿಂದ ಓಡುತ್ತದೆ. ಹಳದಿ ಪಟ್ಟಿ ಒಂದಿದ್ದರೆ ಸಾಕು.