ಒಂದೇ ಗೆರೆ, ಎರಡು ನಡಿಗೆ: ನೂರು ಹೆಜ್ಜೆ ಹಾಕಿಸಿ ನೋಡಿದ್ದು

ಒಂದು ಗೆರೆ, ಅದರ ಮೇಲೆ ಸೊನ್ನೆಯಲ್ಲಿ ನಿಂತ ಒಬ್ಬ ನಡಿಗ. ಪ್ರತಿ ಹೆಜ್ಜೆಗೂ ನಾಣ್ಯ ಚಿಮ್ಮಬೇಕು. ಒಂದು ಮುಖ ಬಿದ್ದರೆ ಬಲಕ್ಕೆ ಒಂದು ಮನೆ, ಇನ್ನೊಂದು ಬಿದ್ದರೆ ಎಡಕ್ಕೆ ಒಂದು ಮನೆ. ಇದನ್ನೇ ನಾನು ಎರಡು ರೀತಿಯಲ್ಲಿ ನಡೆಸಿದೆ. ಒಂದು ನಮಗೆಲ್ಲ ಗೊತ್ತಿರುವ ಯಾದೃಚ್ಛಿಕ ನಡಿಗೆ, ಇನ್ನೊಂದು ಕ್ವಾಂಟಮ್ ನಡಿಗೆ. ಎರಡರಲ್ಲೂ ನಾಣ್ಯಕ್ಕೆ ಪಕ್ಷಪಾತವಿಲ್ಲ, ಎರಡಕ್ಕೂ ನೂರೇ ಹೆಜ್ಜೆ. ಕೊನೆಯಲ್ಲಿ ಹರಡಿಕೆ ಎಷ್ಟೆಂದು ಮಾನಕ ವಿಚಲನೆ ತೆಗೆದರೆ ಮೊದಲನೆಯದಕ್ಕೆ 10 ಬಂತು, ಎರಡನೆಯದಕ್ಕೆ ಸುಮಾರು 54. ಮೊದಲನೆಯದರ ನಕ್ಷೆ ಗಂಟೆಯ ಆಕಾರದಲ್ಲಿ ಸೊನ್ನೆಯ ಸುತ್ತ ಗುಡ್ಡೆ ಬಿದ್ದಿತ್ತು. ಎರಡನೆಯದು ನಡುವೆ ತಗ್ಗಾಗಿ, ಎರಡು ಬದಿಯಲ್ಲಿ, 70ಕ್ಕೆ ಸ್ವಲ್ಪ ಒಳಗೆ, ಎರಡು ಕೊಂಬು ಎತ್ತಿ ನಿಂತಿತ್ತು.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ನೂರು ಹೆಜ್ಜೆ ಬೇಕಿಲ್ಲ. ನಾಲ್ಕು ಹೆಜ್ಜೆ ಕೈಯಲ್ಲೇ ಲೆಕ್ಕ ಹಾಕಿದರೆ ಸಾಕು, ಮತ್ತು ನನ್ನ ಅನುಭವದಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲು ಅದನ್ನು ಮಾಡಲೇಬೇಕು.

ಸಾಮಾನ್ಯ ನಡಿಗೆಯಲ್ಲಿ ಪ್ರತಿ ಮನೆಗೆ ಒಂದು ಸಂಭವನೀಯತೆ ಇರುತ್ತದೆ. ಹೆಜ್ಜೆ ಇಟ್ಟಾಗ ಅದು ಅರ್ಧರ್ಧ ಆಗಿ ಎರಡು ಬದಿಗೆ ಹೋಗುತ್ತದೆ, ಬೇರೆ ದಾರಿಯಿಂದ ಬಂದದ್ದರ ಜೊತೆ ಕೂಡಿಕೊಳ್ಳುತ್ತದೆ. ಕೂಡುತ್ತದೆ ಅಷ್ಟೇ, ಕಳೆಯುವ ಮಾತೇ ಇಲ್ಲ. ಕ್ವಾಂಟಮ್ ನಡಿಗೆಯಲ್ಲಿ ಮನೆಯೊಂದಕ್ಕೆ ಎರಡು ಸಂಖ್ಯೆ: ನಾಣ್ಯ ‘ಬಲ’ ತೋರಿಸುತ್ತಿರುವ ಪಾಲು R, ‘ಎಡ’ ತೋರಿಸುತ್ತಿರುವ ಪಾಲು L. ಇವು ಸಂಭವನೀಯತೆಗಳಲ್ಲ, ಆಂಪ್ಲಿಟ್ಯೂಡ್‌ಗಳು. ಇವು ಋಣ ಸಂಖ್ಯೆಯೂ ಆಗಬಹುದು, ಸಂಮಿಶ್ರ ಸಂಖ್ಯೆಯೂ ಆಗಬಹುದು. ಸಂಭವನೀಯತೆ ಬೇಕೆಂದಾಗ ಪ್ರತಿಯೊಂದರ ಪರಿಮಾಣದ ವರ್ಗ ತೆಗೆದು ಕೂಡಬೇಕು. ನಾಣ್ಯ ಚಿಮ್ಮುವ ಕೆಲಸವನ್ನು ಹಾಡಮಾರ್ ನಾಣ್ಯ ಮಾಡುತ್ತದೆ: ಹೊಸ R ಎಂದರೆ (R + L)/√2, ಹೊಸ L ಎಂದರೆ (R − L)/√2. ಆಮೇಲೆ R ಪಾಲು ಬಲಕ್ಕೆ, L ಪಾಲು ಎಡಕ್ಕೆ ಸರಿಯುತ್ತದೆ. ಆ ಒಂದು ಋಣ ಚಿಹ್ನೆಯ ಮೇಲೆ ಕಣ್ಣಿಡಿ.

ಸೊನ್ನೆಯಲ್ಲಿ R = 1 ಇಟ್ಟು ಹೊರಡೋಣ. ಮೊದಲ ಹೆಜ್ಜೆಗೆ ಎರಡು ಬದಿಯಲ್ಲೂ ಅರ್ಧರ್ಧ. ಎರಡನೆಯ ಹೆಜ್ಜೆಗೆ −2, 0, +2ರಲ್ಲಿ 1/4, 1/2, 1/4. ಇಲ್ಲಿಯವರೆಗೆ ಎರಡು ನಡಿಗೆಗಳಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೊದಲ ಸಲ ಇಲ್ಲಿಗೇ ನಿಲ್ಲಿಸಿ, ಎಲ್ಲೋ ತಪ್ಪು ಮಾಡಿದ್ದೇನೆ ಎಂದುಕೊಂಡಿದ್ದೆ. ತಪ್ಪಾಗಿರಲಿಲ್ಲ, ಎರಡು ದಾರಿಗಳು ಒಂದೇ ಮನೆಗೆ, ಒಂದೇ ನಾಣ್ಯಮುಖದೊಂದಿಗೆ ಬಂದು ಸೇರುವುದು ಮೂರನೆಯ ಹೆಜ್ಜೆಯಲ್ಲಿ. ಎರಡನೆಯ ಹೆಜ್ಜೆಯ ಕೊನೆಗೆ ಸೊನ್ನೆಯಲ್ಲಿ R = 1/2, L = 1/2 ಇರುತ್ತವೆ. ನಾಣ್ಯ ಚಿಮ್ಮಿದಾಗ ಬಲಕ್ಕೆ ಹೋಗುವ ಪಾಲು ಇವೆರಡರ ಮೊತ್ತ, ಎಡಕ್ಕೆ ಹೋಗುವ ಪಾಲು ಇವೆರಡರ ವ್ಯತ್ಯಾಸ, ಅಂದರೆ ಸೊನ್ನೆ. ನಡುವಿನಿಂದ ಎಡಕ್ಕೆ ಹೋಗಬೇಕಿದ್ದ ಎರಡು ದಾರಿಗಳು ಒಂದನ್ನೊಂದು ಪೂರ್ತಿ ಅಳಿಸಿಹಾಕಿದವು. ಇದೇ ವ್ಯತಿಕರಣ. −3, −1, +1, +3ರಲ್ಲಿ ಸಾಮಾನ್ಯ ನಡಿಗೆ 1/8, 3/8, 3/8, 1/8 ಕೊಟ್ಟರೆ ಕ್ವಾಂಟಮ್ ನಡಿಗೆ 1/8, 1/8, 5/8, 1/8 ಕೊಡುತ್ತದೆ. ನಾಲ್ಕನೆಯ ಹೆಜ್ಜೆಗೆ −4ರಿಂದ +4ರವರೆಗೆ ಹದಿನಾರನೆಯ ಪಾಲುಗಳಲ್ಲಿ ಹೇಳಿದರೆ 1, 2, 2, 10, 1.

ಬಲಕ್ಕೆ ಇಷ್ಟು ವಾಲಿದ್ದು ನೋಡಿ ಇದು ಬರೀ ಒಂದು ಕಡೆಗೆ ಕೊಚ್ಚಿಕೊಂಡು ಹೋಗುವುದಲ್ಲವೇ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪಕ್ಷಪಾತದ ನಾಣ್ಯ ಕೊಟ್ಟರೆ ಸಾಮಾನ್ಯ ನಡಿಗನೂ ಹೆಜ್ಜೆಗೆ ತಕ್ಕಂತೆ ದೂರ ಹೋಗುತ್ತಾನೆ, ಆದರೆ ಹೆಜ್ಜೆಗಳ ಎಣಿಕೆ t ಎಂದಾದರೆ ಅವನ ಗುಡ್ಡೆಯ ಅಗಲ √tಯಷ್ಟೇ ಬೆಳೆಯುತ್ತದೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಕ್ವಾಂಟಮ್ ನಡಿಗೆಯನ್ನೂ ಸಮತೋಲದಲ್ಲಿ ಹೊರಡಿಸಬೇಕು. ಅದಕ್ಕೆ ಆರಂಭದಲ್ಲಿ R = 1/√2, L = i/√2 ಇಡುತ್ತೇವೆ. ಹಾಡಮಾರ್ ನಾಣ್ಯದಲ್ಲಿ ಇರುವುದೆಲ್ಲ ವಾಸ್ತವ ಸಂಖ್ಯೆಗಳೇ, ಹಾಗಾಗಿ R ನಿಂದ ಹೊರಟ ಭಾಗ ವಾಸ್ತವವಾಗಿಯೂ L ನಿಂದ ಹೊರಟ ಭಾಗ ಕಾಲ್ಪನಿಕವಾಗಿಯೂ ಕೊನೆಯವರೆಗೆ ಉಳಿಯುತ್ತವೆ. ಒಂದರ ಗೊಡವೆಗೆ ಒಂದು ಹೋಗುವುದಿಲ್ಲ. ಸಂಭವನೀಯತೆ ಎಂದರೆ ಮೇಲಿನ ನಕ್ಷೆ ಮತ್ತು ಅದರ ಕನ್ನಡಿ ಬಿಂಬ, ಎರಡರ ಸರಾಸರಿ. ನಾಲ್ಕನೆಯ ಹೆಜ್ಜೆಗೆ ಅದು 1, 6, 2, 6, 1. ಸಾಮಾನ್ಯ ನಡಿಗೆಯದು 1, 4, 6, 4, 1. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡಾಗ ನನಗೆ ವಿಷಯ ಮನಸ್ಸಿಗೆ ಇಳಿಯಿತು: ನಡುವಿನ 6 ಕರಗಿ 2 ಆಗಿದೆ, ಕರಗಿದ್ದು ಪಕ್ಕದ ಮನೆಗಳಿಗೆ ಸರಿದಿದೆ.

ಇನ್ನು ನೂರು ಹೆಜ್ಜೆ. ಕೋಡ್ ಇಷ್ಟೇ:

```python
import numpy as np
N = 100
M = 2*N + 1
R = np.zeros(M, complex)
L = np.zeros(M, complex)
R[N], L[N] = 1/np.sqrt(2), 1j/np.sqrt(2)
for _ in range(N):
    R, L = (R + L)/np.sqrt(2), (R - L)/np.sqrt(2)
    R, L = np.roll(R, 1), np.roll(L, -1)
P = abs(R)**2 + abs(L)**2
```

ಇದರಲ್ಲಿ `M` ಎಂಬ ಸಾಲು ನನ್ನ ಒಂದು ಸಂಜೆಯನ್ನು ತಿಂದಿತ್ತು. ಮೊದಲು ಸಾಮಾನ್ಯ ನಡಿಗೆಯನ್ನು 101 ಮನೆಗಳ ಅರೇಯಲ್ಲಿ, ಅಂದರೆ −50ರಿಂದ +50ರವರೆಗೆ ಬರೆದಿದ್ದೆ. ಅದು ಏನೂ ತಕರಾರಿಲ್ಲದೆ ನಡೆಯಿತು. ಅದೇ ಅಳತೆಯ ಅರೇಯನ್ನು ಕ್ವಾಂಟಮ್ ನಡಿಗೆಗೂ ಕೊಟ್ಟೆ. ನಕ್ಷೆಯಲ್ಲಿ ಕೊಂಬುಗಳು ±70ರ ಬಳಿ ಬರುವ ಬದಲು 30ರ ಚಿಲ್ಲರೆಯಲ್ಲಿ ಬಂದವು. ಸಂಭವನೀಯತೆಗಳ ಮೊತ್ತ ನೋಡಿದೆ, ಸರಿಯಾಗಿ 1. ನಕ್ಷೆ ಎರಡೂ ಕಡೆ ಸಮವಾಗಿಯೇ ಇತ್ತು. ಸುಳಿವು ಕೊಟ್ಟದ್ದು ಸರಿ–ಬೆಸ ಲೆಕ್ಕ. ಸೊನ್ನೆಯಿಂದ ಹೊರಟವನು ನೂರು ಹೆಜ್ಜೆಯ ನಂತರ ಸರಿ ಸಂಖ್ಯೆಯ ಮನೆಯಲ್ಲೇ ಇರಬೇಕು. ನನ್ನ ನಕ್ಷೆಯಲ್ಲಿ ಬೆಸ ಮನೆಗಳೂ ತುಂಬಿದ್ದವು. `np.roll` ಅರೇಯ ಅಂಚು ದಾಟಿದ್ದನ್ನು ಆಚೆ ತುದಿಯಿಂದ ಒಳಗೆ ತರುತ್ತದೆ, ಹಾಗಾಗಿ +51 ಆಗಬೇಕಿದ್ದದ್ದು −50 ಆಗುತ್ತಿತ್ತು, 70 ಆಗಬೇಕಿದ್ದದ್ದು −31. ಗೆರೆಯೆಂದುಕೊಂಡು ನಾನು ಉಂಗುರದ ಮೇಲೆ ನಡೆಸುತ್ತಿದ್ದೆ. ಸಾಮಾನ್ಯ ನಡಿಗೆಯಲ್ಲಿ ಇದು ಕಾಣಿಸದಿದ್ದುದಕ್ಕೆ ಕಾರಣ ಸರಳ: ಅಲ್ಲಿ 50 ಎಂದರೆ ಮಾನಕ ವಿಚಲನೆಯ ಐದು ಪಟ್ಟು ದೂರ, ಅಲ್ಲಿಗೆ ತಲುಪುವ ಪಾಲು ನಕ್ಷೆಯಲ್ಲಿ ಚುಕ್ಕೆಯಷ್ಟೂ ಕಾಣುವುದಿಲ್ಲ. ಕ್ವಾಂಟಮ್ ನಡಿಗೆಯ ಕೊಂಬು ಸುಮಾರು 71ನೆಯ ಹೆಜ್ಜೆಗೇ ಅಲ್ಲಿಗೆ ಮುಟ್ಟಿರುತ್ತದೆ. ಮೊತ್ತ 1 ಇದೆಯೇ ಎಂಬ ಪರೀಕ್ಷೆಯೊಂದನ್ನೇ ನಂಬಬೇಡಿ, ಸರಿ–ಬೆಸ ಪರೀಕ್ಷೆಯನ್ನೂ ಮಾಡಿ.

ಹರಡಿಕೆಯ ನಿಯಮ ಈಗ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯ ನಡಿಗೆಯಲ್ಲಿ ಅಗಲ ಇಮ್ಮಡಿಯಾಗಬೇಕಾದರೆ ಹೆಜ್ಜೆಗಳು ನಾಲ್ಕು ಪಟ್ಟಾಗಬೇಕು. ಕ್ವಾಂಟಮ್ ನಡಿಗೆಯಲ್ಲಿ ಹೆಜ್ಜೆ ಇಮ್ಮಡಿಯಾದರೆ ಅಗಲವೂ ಇಮ್ಮಡಿ: ಅದು ಸುಮಾರು 0.54t, ಇನ್ನೂ ಖಚಿತವಾಗಿ √(1 − 1/√2) × t. ಸೊನ್ನೆಯಲ್ಲೇ ಸಿಗುವ ಸಂಭವನೀಯತೆ ನೂರು ಹೆಜ್ಜೆಯ ನಂತರ ಸಾಮಾನ್ಯ ನಡಿಗೆಗೆ ಶೇಕಡಾ 8ರ ಹತ್ತಿರ. ಕ್ವಾಂಟಮ್ ನಡಿಗೆಗೆ ಶೇಕಡಾ 1ಕ್ಕಿಂತಲೂ ಕಡಿಮೆ.

ಕೊಂಬುಗಳು 100ರಲ್ಲಿ ಬರದೆ 70ರ ಬಳಿ ಏಕೆ ಬರುತ್ತವೆ? ಒಂದೇ ಮನೆಯಲ್ಲಿ ನಿಂತ ಆರಂಭವನ್ನು ಬೇರೆ ಬೇರೆ ಅಲೆಯುದ್ದದ ಅಲೆಗಳ ಮೊತ್ತವೆಂದು ನೋಡಬಹುದು. ಪ್ರತಿ ಅಲೆಗುಂಪಿಗೂ ಅದರದೇ ವೇಗ. ಹಾಡಮಾರ್ ನಾಣ್ಯದಲ್ಲಿ ಆ ವೇಗದ ಮೇಲ್ಮಿತಿ ಹೆಜ್ಜೆಗೆ 1/√2 ಮನೆ, ಅಂದರೆ ಸುಮಾರು 0.707. ಆ ಮೇಲ್ಮಿತಿಯ ಆಸುಪಾಸಿನಲ್ಲಿ ಅಲೆಯುದ್ದ ಸ್ವಲ್ಪ ಬದಲಾದರೂ ವೇಗ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬಹಳಷ್ಟು ಅಲೆಗಳು ಒಟ್ಟಿಗೆ ಒಂದೇ ಕಡೆ ತಲುಪಿ ಗುಂಪುಗಟ್ಟುತ್ತವೆ. ಅದೇ ಕೊಂಬು. ಅದರಾಚೆ ಸಂಭವನೀಯತೆ ಥಟ್ಟನೆ ಕುಸಿಯುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರನೆಯ ಓಟ. ಕ್ವಾಂಟಮ್ ನಡಿಗೆಯ ಕೋಡನ್ನೇ ಇಟ್ಟುಕೊಂಡು, ಪ್ರತಿ ಸಲ ನಾಣ್ಯ ಚಿಮ್ಮಿದ ಮೇಲೆ ಅದರ ಮುಖ ಯಾವುದೆಂದು ಅಳತೆ ಮಾಡಿಸಿದೆ: ಆಯಾ ಸಂಭವನೀಯತೆಯಂತೆ ಒಂದು ಮುಖ ಆರಿಸಿ, ಇನ್ನೊಂದರ ಆಂಪ್ಲಿಟ್ಯೂಡ್ ಅಳಿಸಿ, ಉಳಿದದ್ದನ್ನು ಮತ್ತೆ ಒಂದಕ್ಕೆ ಸರಿಹೊಂದಿಸುವುದು. ಹೀಗೆ ಸಾವಿರಾರು ಓಟಗಳ ಸರಾಸರಿ ತೆಗೆದರೆ ಬಂದದ್ದು ಅದೇ ಗಂಟೆ, ಅದೇ 10. ಇದು ಅಂದಾಜಿನ ಹೊಂದಿಕೆಯಲ್ಲ. ಪ್ರತಿ ಹೆಜ್ಜೆಯಲ್ಲೂ ನಾಣ್ಯದ ಮುಖ ಗೊತ್ತಾದರೆ ನಡೆದುಬಂದ ದಾರಿಯೂ ಗೊತ್ತಾಗುತ್ತದೆ. ದಾರಿ ಒಂದೇ ಎಂದಾದ ಮೇಲೆ ಅಳಿಸಿಹಾಕಲು ಇನ್ನೊಂದು ದಾರಿ ಉಳಿಯುವುದಿಲ್ಲ. ಪ್ರತಿ ಹೆಜ್ಜೆಗೆ ಬದಲಾಗಿ ಶೇಕಡಾ 5ರ ಸಂಭವನೀಯತೆಯಲ್ಲಿ, ಅಂದರೆ ಸರಾಸರಿ ಇಪ್ಪತ್ತು ಹೆಜ್ಜೆಗೊಮ್ಮೆ ಅಳೆದರೆ, ಮೊದಮೊದಲು ಅಗಲ ನೇರವಾಗಿಯೇ ಬೆಳೆಯುತ್ತದೆ, ಆಮೇಲೆ ನಿಧಾನವಾಗಿ √tಯ ಹಾದಿಗೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ನಡಿಗೆ ಕೆಡುವುದೂ ಹೀಗೆಯೇ: ಯಾರೂ ಬೇಕೆಂದು ಅಳೆಯದಿದ್ದರೂ ಸುತ್ತಲಿನ ಗದ್ದಲ ಆ ಕೆಲಸ ಮಾಡಿಬಿಡುತ್ತದೆ. 2009ರಲ್ಲಿ ಜರ್ಮನಿಯ ಬಾನ್‌ನಲ್ಲಿ ಬೆಳಕಿನಿಂದ ಕಟ್ಟಿದ ಜಾಲರಿಯೊಳಗೆ ಒಂಟಿ ಸೀಸಿಯಂ ಪರಮಾಣುವನ್ನು ಹೀಗೆ ನಡೆಸಿದಾಗಲೂ ಹೆಜ್ಜೆಗಳ ಎಣಿಕೆಗೆ ಮಿತಿ ಹಾಕಿದ್ದು ಈ ಬಗೆಯ ನಷ್ಟವೇ.

ಹಾಗಾದರೆ ಕೊಂಬು ಕಂಡಿತೆಂದರೆ ಕ್ವಾಂಟಮ್ ಸಾಬೀತಾಯಿತೇ? ಇಲ್ಲ, ಇಲ್ಲಿ ಎಚ್ಚರ ಬೇಕು. ಒಬ್ಬನೇ ನಡಿಗನಾದರೆ ಮೇಲಿನ ಲೆಕ್ಕದಲ್ಲಿ ನಡೆದದ್ದು ಅಲೆಗಳ ಕೂಡು-ಕಳೆ ಅಷ್ಟೇ. ಸಾಮಾನ್ಯ ಬೆಳಕಿನ ಅಲೆಯೂ ಅದನ್ನು ಮಾಡುತ್ತದೆ. 1999ರಲ್ಲಿ ಬೆಳಕಿನ ಗಾಲ್ಟನ್ ಹಲಗೆ ಎಂಬ ಪ್ರಯೋಗದಲ್ಲಿ ಇಂಥದ್ದೇ ನಕ್ಷೆ ತೆಗೆದಿದ್ದರು. ಅಲ್ಲಿ ಆಂಪ್ಲಿಟ್ಯೂಡ್‌ನ ಜಾಗದಲ್ಲಿ ವಿದ್ಯುತ್ ಕ್ಷೇತ್ರ, ಸಂಭವನೀಯತೆಯ ಜಾಗದಲ್ಲಿ ಬೆಳಕಿನ ತೀವ್ರತೆ. ಅಲೆಗೆ ಸಾಧ್ಯವಾಗದ್ದು ಕಾಣಬೇಕಾದರೆ ಅದೇ ಗೆರೆಯ ಮೇಲೆ ಒಂದಕ್ಕೊಂದು ಗುರುತು ಹಿಡಿಯಲಾಗದ ಇಬ್ಬರು ನಡಿಗರನ್ನು ಬಿಟ್ಟು, ಅವರಿಬ್ಬರೂ ಒಟ್ಟಿಗೆ ಎಲ್ಲೆಲ್ಲಿ ಸಿಗುತ್ತಾರೆ ಎಂದು ಎಣಿಸಬೇಕು. ನನ್ನ ಮುಂದಿನ ಓಟ ಅದೇ. ಅರೇ ಈಗ 201 × 201 ಆಗುತ್ತದೆ, ಒಂದೊಂದು ಮನೆಗೂ ಎರಡರ ಬದಲು ನಾಲ್ಕು ಆಂಪ್ಲಿಟ್ಯೂಡ್.